ವಿಭೂತಿ ಬಳಿದ ಹಾಗೆ ಕಾಣದ ಸನ್‌ಸ್ಕ್ರೀನ್

"ಏನವ್ವಾ, ಮುಖಕ್ಕ ವಿಭೂತಿ ಬಳ್ಕೊಂಡಿಯೇನು?" ಅಂತ ಅಮ್ಮ ಕೇಳಿದಾಗ ನಾನು ಸ್ಕೂಟಿ ಕೀ ಹುಡುಕುತ್ತಿದ್ದೆ. ಹಚ್ಚಿಕೊಂಡಿದ್ದು ಝಿಂಕ್ ಆಕ್ಸೈಡ್ ಇದ್ದ ಮಿನರಲ್ ಸನ್‌ಸ್ಕ್ರೀನ್. ನನ್ನದು ಗಾಢ ಕಂದು ಬಣ್ಣ. ಕನ್ನಡಿಯಲ್ಲಿ ಮುಖ ಬೂದಿ ಬಣ್ಣ, ಕುತ್ತಿಗೆ ಬೇರೆ ಬಣ್ಣ.

ಕಾರಣ ಸರಳ. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎರಡೂ ಬಿಳಿ ಪುಡಿಗಳೇ. ಕಣಗಳು ಕರಗದೆ ಚರ್ಮದ ಮೇಲೆ ಕೂತು ಕಣ್ಣಿಗೆ ಕಾಣುವ ಬೆಳಕನ್ನೂ ಚೆದುರಿಸುತ್ತವೆ. ಟೈಟಾನಿಯಂ ಇನ್ನೂ ಜಾಸ್ತಿ ಬಿಳುಪು. ಕಣ ಸಣ್ಣದು ಮಾಡಿದ್ದರೆ ಕಡಿಮೆ ಕಾಣುತ್ತದೆ, ಪೂರ್ತಿ ಹೋಗುವುದಿಲ್ಲ.

ನಾನು ಮಾಡಿದ ತಪ್ಪು, ಬಿಳುಪು ಕಾಣಬಾರದು ಅಂತ ಬಟಾಣಿಯಷ್ಟು ಮಾತ್ರ ಹಚ್ಚಿದ್ದು. ಮುಖ, ಕುತ್ತಿಗೆಗೆ ಎರಡು ಬೆರಳಿನುದ್ದ ಬೇಕು. ಕಡಿಮೆ ಹಚ್ಚಿದರೆ ಡಬ್ಬಿ ಮೇಲೆ ಬರೆದ ಎಸ್‌ಪಿಎಫ್ 50ರಷ್ಟು ರಕ್ಷಣೆ ಸಿಗುವುದೇ ಇಲ್ಲ. ರಾಯಚೂರಿನ ಏಪ್ರಿಲ್‌ನಲ್ಲಿ ಕೆನ್ನೆಯ ಬಂಗು ಇನ್ನೂ ಕಪ್ಪಾಯಿತು.

ಆಮೇಲೆ ಕೆಮಿಕಲ್ ಫಿಲ್ಟರ್, ಅಂದರೆ ಬಿಸಿಲಿನ ಯುವಿ ಕಿರಣ ಹೀರಿಕೊಳ್ಳುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ತಂದೆ. ಅವೊಬೆನ್‌ಝೋನ್, ಅದು ಬಿಸಿಲಿಗೆ ಬೇಗ ಕೆಡದ ಹಾಗೆ ಆಕ್ಟೊಕ್ರಿಲೀನ್. ಇವು ಕ್ರೀಮಿನ ಎಣ್ಣೆಯಲ್ಲಿ ಕರಗಿರುವುದರಿಂದ ಬಿಳಿ ಪುಡಿಯ ಮಾತೇ ಇಲ್ಲ. ಎರಡು ಬೆರಳು ಹಚ್ಚಿದರೂ ಮುಖ ನನ್ನದೇ ಬಣ್ಣ! ಆದರೆ ಸ್ಕೂಟಿ ಮೇಲೆ ಬೆವರು ಇಳಿದಾಗ ಕಣ್ಣು ಎಷ್ಟು ಉರಿಯಿತೆಂದರೆ ಗಾಡಿ ನಿಲ್ಲಿಸಿ ದುಪಟ್ಟಾದಲ್ಲಿ ಒರೆಸಿಕೊಳ್ಳಬೇಕಾಯಿತು. ಇನ್ನೊಂದು ವಿಷಯ, ಕೆಮಿಕಲ್ ಅಂತ ಕಣ್ಣುಮುಚ್ಚಿ ಕೊಳ್ಳಬೇಡಿ. ಬಿಸ್‌ಆಕ್ಟ್ರಿಝೋಲ್ ಅನ್ನುವ ಫಿಲ್ಟರ್ ಕೂಡ ಕಣರೂಪದ್ದೇ, ಅದೂ ತುಸು ಬಿಳುಪು ಬಿಡಬಹುದು.

ಬಂಗು ಮಾತ್ರ ಹಾಗೇ ಇತ್ತು. ನಮ್ಮಂಥ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಕಲೆ ಗಾಢ ಮಾಡುತ್ತದೆ. ಬಣ್ಣವಿಲ್ಲದ ಕ್ರೀಮು ಅದನ್ನು ಅಷ್ಟಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ತಡೆಯುತ್ತದೆ. ಅದೇ ಕಂದು, ಕೆಂಪು, ಹಳದಿ ಬಣ್ಣ ಕೊಟ್ಟು ಝಿಂಕ್‌ನ ಬಿಳುಪನ್ನೂ ಮುಚ್ಚುತ್ತದೆ. ಹಾಗಾಗಿ ಬಣ್ಣ ಬೆರೆಸಿದ, ಅಂದರೆ ಟಿಂಟೆಡ್ ಮಿನರಲ್ ಹುಡುಕಿದೆ. ಮೊದಲ ಎರಡು ನನ್ನ ಮೇಲೆ ಕಿತ್ತಳೆಯಾಗಿ ಕಂಡವು. ಅಂಗಡಿಗಳಲ್ಲಿ ಗೋಧಿಬಣ್ಣದವರಿಗೆ ಹೊಂದುವುದೇ ಜಾಸ್ತಿ.

ಮೂರನೆಯದನ್ನು ಕೊಳ್ಳುವ ಮೊದಲು ದವಡೆಯ ಒಂದೇ ಬದಿಗೆ ಪೂರ್ತಿ ಅಳತೆಯಲ್ಲಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಅಂಗಡಿಯ ಹೊರಗೆ ಬಂದು ಹಗಲು ಬೆಳಕಲ್ಲಿ ನೋಡಿದೆ. ಟ್ಯೂಬ್‌ಲೈಟ್ ನಂಬಬೇಡಿ. ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆದರೆ ಉಳಿದ ಬಿಳುಪೂ ಗೊತ್ತಾಗುತ್ತದೆ. ಫೌಂಡೇಶನ್ ಬೆರೆಸಿ ಬಣ್ಣ ಸರಿಮಾಡುವ ಉಪಾಯ ಬೇಡ, ಕ್ರೀಮು ತೆಳುವಾಗಿ ರಕ್ಷಣೆ ಕೆಡುತ್ತದೆ.

ಈಗ ಕಣ್ಣಿನ ಸುತ್ತ ಮತ್ತು ಕೆನ್ನೆಗೆ ಟಿಂಟೆಡ್ ಝಿಂಕ್, ಹಣೆ, ಕುತ್ತಿಗೆ, ಕೈಗೆ ಕೆಮಿಕಲ್. ಬಿಳಿ ಕಾಲರ್‌ನ ಅಂಗಿ ಹಾಕಿದ ದಿನ ಕೆನ್ನೆಯ ಕಂದು ಅದಕ್ಕೆ ಮೆತ್ತುತ್ತದೆ, ಅಮ್ಮನ ಬೈಗುಳ ಈಗ ಅದಕ್ಕೆ.