ಟ್ರೈನ್ ದ ಟ್ರೈನರ್ ಸರ್ಟಿಫಿಕೇಟ್‌ನಿಂದ ಕಾಂಟ್ರಾಕ್ಟ್ ಸಿಗುತ್ತಾ? ನನ್ನ ಅನುಭವ

ನಾನು ಬೆಂಗಳೂರಿನಲ್ಲಿ ಸ್ವಂತವಾಗಿ ಕಾರ್ಪೊರೇಟ್ ಟ್ರೈನಿಂಗ್ ಮಾಡುತ್ತೇನೆ. ಹೆಚ್ಚಾಗಿ ಫ್ಯಾಕ್ಟರಿ ಸೂಪರ್‌ವೈಸರ್‌ಗಳಿಗೆ, ಕನ್ನಡದಲ್ಲೇ. ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದೇ ಟಿಟಿಟಿ, ಅಂದರೆ ಟ್ರೈನ್ ದ ಟ್ರೈನರ್ ಸರ್ಟಿಫಿಕೇಟ್ ಬಗ್ಗೆ. ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಅಂತ ನಾನು ಕಂಡಂತೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಪಿಎಂಕೆವಿವೈ ಥರದ ಸರ್ಕಾರಿ ಕೌಶಲ್ಯ ಯೋಜನೆಯಲ್ಲಿ ಕಲಿಸಬೇಕಾದರೆ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಟಿಓಟಿ, ಅಂದರೆ ಟ್ರೈನಿಂಗ್ ಆಫ್ ಟ್ರೈನರ್ಸ್ ಸರ್ಟಿಫಿಕೇಟ್ ಬೇಕು, ಅದನ್ನು ಆಯಾ ಜಾಬ್ ರೋಲ್‌ಗೆ ತಕ್ಕಂತೆ ಕೊಡುತ್ತಾರೆ. ಖಾಸಗಿ ಕಂಪನಿಗಳಿಗೆ ಅಂಥ ಕಡ್ಡಾಯ ಇಲ್ಲ. ಅಲ್ಲಿ ಎಚ್‌ಆರ್‌ನವರು ರಾಶಿ ಪ್ರೊಫೈಲ್ ಇಟ್ಟುಕೊಂಡು ಆರಿಸುತ್ತಿರುತ್ತಾರೆ. 'ಸರ್ಟಿಫೈಡ್ ಟ್ರೈನರ್' ಅಂತಿದ್ದರೆ ಮೊದಲ ಸುತ್ತು ದಾಟುವುದು ಸುಲಭ. ನಮ್ಮನ್ನು ಕಂಪನಿಗಳಿಗೆ ಕಳಿಸುವ ಟ್ರೈನಿಂಗ್ ಏಜೆನ್ಸಿಗಳಂತೂ ಇದನ್ನು ಕೇಳಿಯೇ ಕೇಳುತ್ತಾರೆ, ಯಾಕೆಂದರೆ ಅವರು ತಮ್ಮ ಪ್ರೊಪೋಸಲ್‌ನಲ್ಲಿ ನಮ್ಮ ಪ್ರೊಫೈಲನ್ನೂ ಸೇರಿಸಿ ಕೊಡಬೇಕು.

ಅಷ್ಟಕ್ಕೇ ಆರ್ಡರ್ ಬರುವುದಿಲ್ಲ. ಆರ್ಡರ್ ತಂದುಕೊಟ್ಟಿದ್ದು ಟಿಟಿಟಿ ಕೋರ್ಸಿನಲ್ಲಿ ಕಲಿತ ಟ್ರೈನಿಂಗ್ ಡಿಸೈನ್ ಕೆಲಸ. ಪೀಣ್ಯದ ಒಂದು ಕಾರ್ಖಾನೆಯ ಉದಾಹರಣೆ ಕೊಡುತ್ತೇನೆ. ಸಿಎನ್‌ಸಿ ಮಷೀನ್‌ಗಳಲ್ಲಿ ಬಿಡಿಭಾಗ ಮಾಡುವವರು. ಎಚ್‌ಆರ್ ಕೇಳಿದ್ದು 'ಸೂಪರ್‌ವೈಸರ್‌ಗಳಿಗೆ ಒಂದು ದಿನದ ಕಮ್ಯುನಿಕೇಶನ್ ಸ್ಕಿಲ್ಸ್'. ಕೊಟೇಶನ್ ಕಳಿಸುವ ಮೊದಲು ಪ್ರೊಡಕ್ಷನ್ ಮ್ಯಾನೇಜರನ್ನು ಭೇಟಿ ಮಾಡಬೇಕು, ಶಿಫ್ಟ್ ಬದಲಾಗುವ ಹೊತ್ತಿಗೆ ಒಳಗೆ ಬಂದು ನೋಡಬೇಕು ಅಂತ ಕೇಳಿಕೊಂಡೆ. ಟ್ರೈನಿಂಗ್ ನೀಡ್ ಅನಾಲಿಸಿಸ್ ಅಂತ ಕೋರ್ಸಿನಲ್ಲಿ ಹೇಳಿಕೊಡುವುದು ಇದನ್ನೇ. ಅಲ್ಲಿ ನಿಂತು ನೋಡಿದಾಗ ವಿಷಯ ಗೊತ್ತಾಯಿತು. ಮೊದಲ ಶಿಫ್ಟಿನವರು ಇನ್ಸರ್ಟ್, ಅಂದರೆ ಟೂಲಿನ ಕತ್ತರಿಸುವ ತುದಿ ಬದಲಿಸಿ, ಅದಕ್ಕೆ ತಕ್ಕಂತೆ ಮಷೀನಿನಲ್ಲಿ ಹಾಕುವ ಅಳತೆಯ ಹೊಂದಾಣಿಕೆ, ಅಂದರೆ ಆಫ್‌ಸೆಟ್ ತಿದ್ದಿರುತ್ತಾರೆ, ಮನೆಗೆ ಹೋಗುವ ಅವಸರದಲ್ಲಿ ಅದನ್ನು ಹೇಳುವುದಿಲ್ಲ, ಮುಂದಿನ ಶಿಫ್ಟಿನವರು ಗೊತ್ತಿಲ್ಲದೆ ಮತ್ತೆ ತಿದ್ದುತ್ತಾರೆ, ಶಿಫ್ಟಿನ ಮೊದಲ ಪೀಸ್‌ಗಳೇ ರಿಜೆಕ್ಟ್ ಆಗುತ್ತವೆ.

ಹಾಗಾಗಿ ಪ್ರೊಪೋಸಲ್‌ನಲ್ಲಿ 'ಉತ್ತಮ ಸಂವಹನ ಬೆಳೆಸುವುದು' ಅಂತ ಬರೆಯಲಿಲ್ಲ. 'ಟ್ರೈನಿಂಗ್ ಮುಗಿದ ಮೇಲೆ ಸೂಪರ್‌ವೈಸರ್ ತನ್ನ ಮಷೀನಿನ ಮುಂದೆ ನಿಂತು, ಟೂಲ್, ಆಫ್‌ಸೆಟ್, ಕೊನೆಯ ಪೀಸಿನ ಅಳತೆ, ಬಾಕಿ ಕೆಲಸ, ಎಚ್ಚರ ವಹಿಸಬೇಕಾದ್ದು, ಈ ಐದನ್ನೂ ಎರಡು ನಿಮಿಷದಲ್ಲಿ ಹೇಳಿ ರಿಜಿಸ್ಟರ್‌ನಲ್ಲಿ ಬರೆಯುತ್ತಾನೆ' ಅಂತ ಬರೆದೆ. ಓದಿದವರಿಗೆ ಆಗಿದೆಯೋ ಇಲ್ಲವೋ ಅಂತ ಕಣ್ಣಿನಿಂದ ನೋಡಿ ಹೇಳಲು ಬರಬೇಕು, ಅದೇ ಒಳ್ಳೆಯ ಉದ್ದೇಶದ ಗುರುತು. ಒಂದು ಇಡೀ ದಿನದ ಬದಲು ಒಂದು ವಾರದ ಅಂತರದಲ್ಲಿ ಎರಡು ಅರ್ಧ ದಿನ ಇಟ್ಟೆ. ನಡುವಿನ ವಾರದಲ್ಲಿ ಅವರು ನಿಜವಾದ ಶಿಫ್ಟಿನಲ್ಲೇ ಮಾಡಿ ನೋಡಬಹುದು, ಎರಡನೇ ದಿನ ತೊಡಕು ಏನಾಯಿತು ಅಂತ ಮಾತಾಡಬಹುದು, ಅಲ್ವಾ.

ಇನ್ನು ಪ್ರೊಪೋಸಲ್‌ನಲ್ಲಿ ಟ್ರೈನಿಂಗ್ ಫಲ ಕೊಟ್ಟಿತಾ ಅಂತ ನೋಡುವುದು ಹೇಗೆ ಅಂತ ಬರೆದ ಅಳತೆಯ ಪುಟ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959-60ರಲ್ಲಿ ಬರೆದ ಲೇಖನಗಳಿಂದ ಬಂದ, ಟ್ರೈನಿಂಗ್ ಅಳೆಯುವ ನಾಲ್ಕು ಹಂತ ಎಲ್ಲಾ ಟಿಟಿಟಿ ಕೋರ್ಸಿನಲ್ಲೂ ಹೆಚ್ಚುಕಡಿಮೆ ಇರುತ್ತದೆ: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಮಾಡುತ್ತಿದ್ದಾರಾ, ಕಂಪನಿಗೆ ಲಾಭವಾಯಿತಾ. ಫೀಡ್‌ಬ್ಯಾಕ್ ಫಾರ್ಮ್ ಎಲ್ಲರೂ ಕೊಡುತ್ತಾರೆ. ನಾನು ಟ್ರೈನಿಂಗ್‌ಗೆ ಮೊದಲು ಮತ್ತು ನಂತರ ಒಂದೇ ಚೆಕ್‌ಲಿಸ್ಟ್ ಹಿಡಿದು ಶಿಫ್ಟ್ ಹ್ಯಾಂಡೋವರ್ ನೋಡುವುದು, ಒಂದು ತಿಂಗಳ ಮೇಲೆ ಬಂದು ರಿಜಿಸ್ಟರ್ ಪರಿಶೀಲಿಸುವುದು, ಇವೆರಡನ್ನೂ ಸೇರಿಸಿದೆ. ರಿಜೆಕ್ಷನ್ ಇಷ್ಟು ಕಡಿಮೆಯಾಗುತ್ತದೆ ಅಂತ ಮಾತ್ರ ಮಾತು ಕೊಡಲಿಲ್ಲ. ಮಟೀರಿಯಲ್, ಮಷೀನ್ ಸ್ಥಿತಿ ಎಲ್ಲವೂ ಅದರಲ್ಲಿ ಸೇರಿರುತ್ತವೆ, ಅದು ಟ್ರೈನರ್ ಕೈಯಲ್ಲಿಲ್ಲ. ಆ ಲೆಕ್ಕ ಕಂಪನಿಯೇ ಇಡಲಿ ಅಂತ ನೇರವಾಗಿ ಬರೆದೆ.

ಮೊದಲು ಒಂದೇ ಬ್ಯಾಚ್‌ಗೆ ಒಪ್ಪಿದರು. ತಿಂಗಳ ನಂತರದ ರಿಜಿಸ್ಟರ್ ನೋಡಿದ ಮೇಲೆ ಉಳಿದ ಬ್ಯಾಚ್‌ಗಳಿಗೂ ಪರ್ಚೇಸ್ ಆರ್ಡರ್ ಬಂತು. ನಮ್ಮನ್ನು ಆರಿಸಿದ್ದು ಆ ಅಳತೆಯ ಪುಟ ನೋಡಿ ಅಂತ ಪ್ರೊಡಕ್ಷನ್ ಮ್ಯಾನೇಜರ್ ಆಮೇಲೆ ಹೇಳಿದರು.

ಹಾಗಾಗಿ ಕೋರ್ಸ್ ಆರಿಸುವಾಗ ಫೀಸು ಕಟ್ಟುವ ಮುಂಚೆ ಎರಡು ವಿಷಯ ಕೇಳಿ. ನಾನು ಪಾಠ ಮಾಡುವುದನ್ನು ಯಾರಾದರೂ ಕೂತು ನೋಡಿ, ಅಂಕ ಕೊಟ್ಟು, ತಿದ್ದುತ್ತಾರಾ? ನನ್ನದೇ ವಿಷಯದ ಮೇಲೆ ಪೂರ್ತಿ ಸೆಷನ್ ಪ್ಲಾನ್ ಬರೆಸಿ ನೋಡುತ್ತಾರಾ? ಎರಡಕ್ಕೂ ಇಲ್ಲ ಅಂದರೆ, ಹಾಜರಿ ಹಾಕಿದ್ದಕ್ಕೆ ಕೊಡುವ ಕಾಗದ ಅದು. ಎಚ್‌ಆರ್ ಮುಂದೆ ಇಪ್ಪತ್ತು ನಿಮಿಷದ ಡೆಮೊ ಕೊಡುವಾಗ ಅದು ಕೈಹಿಡಿಯುವುದಿಲ್ಲ. ಪ್ರೊಫೈಲ್‌ನಲ್ಲಿ ಸರ್ಟಿಫಿಕೇಟ್ ಹಾಕುವಾಗಲೂ ಕೊಟ್ಟ ಸಂಸ್ಥೆ, ವರ್ಷದ ಜೊತೆಗೆ ಏನನ್ನು ಪರೀಕ್ಷಿಸಿದರು ಅಂತ ಒಂದು ಸಾಲು ಬರೆಯಿರಿ, ಮತ್ತು ಅದನ್ನು ನಿಮ್ಮ ಕ್ಷೇತ್ರದ ಅನುಭವದ ಕೆಳಗೆ ಇಡಿ. ಫ್ಯಾಕ್ಟರಿಯವರು ಮೊದಲು ಹುಡುಕುವುದು ಶಾಪ್ ಫ್ಲೋರ್ ಗೊತ್ತಿದೆಯಾ ಅನ್ನುವುದನ್ನು.