ಬೀಳುತ್ತಿರುವ ಷೇರನ್ನು ಮತ್ತೆ ಕೊಳ್ಳುವ ಮುನ್ನ

400 ರೂಪಾಯಿಗೆ ಕೊಂಡ ಷೇರು 320ಕ್ಕೆ ಇಳಿದಾಗ ಇನ್ನಷ್ಟು ಕೊಂಡು ಸರಾಸರಿ ಬೆಲೆ ತಗ್ಗಿಸಿಕೊಳ್ಳುವುದಕ್ಕೆ ಪೇಟೆಯಲ್ಲಿ ‘ಆವರೇಜ್ ಮಾಡುವುದು’ ಎನ್ನುತ್ತಾರೆ. ಹೊಸಬರು ಈ ನಿರ್ಧಾರವನ್ನು ನಷ್ಟದ ಕೆಂಪು ಅಂಕಿ ಕಂಡ ಮೇಲೆ ಕೈಗೊಳ್ಳುತ್ತಾರೆ. ಕೈಗೊಳ್ಳಬೇಕಾದದ್ದು ಮೊದಲ ಷೇರು ಕೊಳ್ಳುವ ಮುನ್ನ.

ಮೊದಲು, ಆ ಒಂದು ಕಂಪನಿಗೆ ಒಟ್ಟು ಎಷ್ಟು ಹಣ ಎಂಬುದನ್ನು ನಿಗದಿ ಮಾಡಿ. 60,000 ರೂಪಾಯಿ ಎಂದುಕೊಳ್ಳೋಣ. ಅದನ್ನು 20,000ದ ಮೂರು ಕಂತುಗಳಾಗಿಸಿ, 400, 320 ಮತ್ತು 250 ಎಂದು ಬೆಲೆಗಳನ್ನು ಬರೆದಿಡಿ. ಮೂರೂ ಕಂತು ಮುಗಿದರೆ 192 ಷೇರುಗಳು ಸುಮಾರು 312ರ ಸರಾಸರಿಯಲ್ಲಿ ಸಿಗುತ್ತವೆ. ಪ್ರತಿ ಇಳಿತಕ್ಕೂ ಷೇರಿನ ಸಂಖ್ಯೆಯನ್ನು ದುಪ್ಪಟ್ಟು ಮಾಡುವವರು 50, 100, 200 ಎಂದು ಕೊಂಡು 1,02,000 ರೂಪಾಯಿ ಸುರಿಯುತ್ತಾರೆ, ಆದರೂ ಅವರ ಸರಾಸರಿ ಇಳಿಯುವುದು 291ಕ್ಕೆ ಮಾತ್ರ.

ಹಲವರು ಎಡವುವುದು ಮುಂದಿನ ಹಂತದಲ್ಲಿ. ಈ ಷೇರನ್ನು ಏಕೆ ಕೊಳ್ಳುತ್ತಿದ್ದೇನೆ, ಏನಾದರೆ ಆ ಕಾರಣ ಸುಳ್ಳಾಗುತ್ತದೆ ಎಂಬ ಎರಡು ವಾಕ್ಯಗಳನ್ನು ಬೆಲೆಗಳ ಪಕ್ಕದಲ್ಲೇ ಬರೆಯಬೇಕು. ‘ಬೆಲೆ ಇಳಿದಿದೆ’ ಎಂಬುದು ಕಾರಣವಲ್ಲ. ಯೆಸ್ ಬ್ಯಾಂಕನ್ನೇ ನೋಡಿ: 2018ರ ಆಗಸ್ಟ್‌ನಲ್ಲಿ 400ರ ಆಸುಪಾಸಿನಲ್ಲಿದ್ದ ಷೇರು ಸೆಪ್ಟೆಂಬರ್ ಮಧ್ಯದಲ್ಲಿ 320ರ ಹತ್ತಿರ ಬಂದಿತ್ತು. ಮುಖ್ಯಸ್ಥ ರಾಣಾ ಕಪೂರ್ ಅವರ ಅವಧಿಯನ್ನು ರಿಸರ್ವ್ ಬ್ಯಾಂಕ್ 2019ರ ಜನವರಿಗೆ ಮೊಟಕುಗೊಳಿಸಿದ ಸುದ್ದಿ ಬಂದಾಗ, ಸೆಪ್ಟೆಂಬರ್ 21ರಂದು ಒಂದೇ ದಿನದಲ್ಲಿ ಅದು ಸುಮಾರು 227ಕ್ಕೆ ಕುಸಿಯಿತು. ನಮ್ಮ ಯೋಜನೆಯ 250ರ ಗುರುತು ದಾಟಿದ್ದು ಆ ದಿನವೇ. ‘ಆಡಳಿತದ ಬಗ್ಗೆ ನಿಯಂತ್ರಕರಿಗೆ ಸಂಶಯ ಬಂದರೆ ಕೊಳ್ಳುವುದಿಲ್ಲ’ ಎಂದು ಬರೆದಿಟ್ಟವರ ಮೂರನೇ ಕಂತು ಅಲ್ಲಿಗೆ ನಿಲ್ಲುತ್ತಿತ್ತು. ಕಾರಣ ಮುರಿದ ಮೇಲೆ ಕೊಳ್ಳುವುದನ್ನು ನಿಲ್ಲಿಸಿದರೆ ಸಾಲದು, ಇರುವುದನ್ನೂ ಮಾರಬೇಕು. ಮೊದಲ ಎರಡು ಕಂತುಗಳಲ್ಲಿ ಕೊಂಡಿದ್ದ 112 ಷೇರುಗಳನ್ನು 227ಕ್ಕೆ ಮಾರಿದ್ದರೆ ನಷ್ಟ ಸುಮಾರು 14,400 ರೂಪಾಯಿ. 2020ರ ಮಾರ್ಚ್ 5ರಂದು ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದ ಮರುದಿನ ಷೇರು 16ರ ಆಸುಪಾಸಿಗೆ ಬಂತು; ಆಗ ದುಪ್ಪಟ್ಟು ಮಾಡಿದವರ 350 ಷೇರುಗಳ ಬೆಲೆ 5,600.

ಈ ಕಾರಣಕ್ಕೇ, ಬೆಲೆ ಮುಟ್ಟಿದೊಡನೆ ತಾನಾಗಿ ಕೊಳ್ಳುವ ಜಿಟಿಟಿ ಆರ್ಡರನ್ನು ಕೆಳಗಿನ ಕಂತುಗಳಿಗೆ ಹಾಕಬೇಡಿ. ಕೆಟ್ಟ ಸುದ್ದಿ ಬಂದ ದಿನವೂ ಅದು ಕೊಂಡುಬಿಡುತ್ತದೆ. ಬೆಲೆಯ ಅಲರ್ಟ್ ಇಟ್ಟು, ಅದು ಬಂದಾಗ ಕಂಪನಿಯ ಇತ್ತೀಚಿನ ತ್ರೈಮಾಸಿಕ ಫಲಿತಾಂಶವನ್ನೂ ಪ್ರವರ್ತಕರು ಅಡವಿಟ್ಟ ಷೇರುಗಳ ಪ್ರಮಾಣವನ್ನೂ ಷೇರು ವಿನಿಮಯ ಕೇಂದ್ರದ ಜಾಲತಾಣದಲ್ಲಿ ಓದಿ. ಬ್ರೋಕರ್ ಸಾಲ ಕೊಟ್ಟು ಕೊಳ್ಳಿಸುವ ಮಾರ್ಜಿನ್ ಸೌಲಭ್ಯವನ್ನಂತೂ ಮುಟ್ಟಲೇಬೇಡಿ: ಬೆಲೆ ಇನ್ನೂ ಇಳಿದು ಮಾರ್ಜಿನ್, ಅಂದರೆ ನಿಮ್ಮ ಪಾಲಿನ ಹಣ, ಸಾಕಾಗದಿದ್ದರೆ, ನಿಮ್ಮ ಷೇರುಗಳನ್ನು ಬ್ರೋಕರ್ ಮಾರಿಬಿಡಬಹುದು.

ಈಗಾಗಲೇ ಯೋಜನೆಯಿಲ್ಲದೆ ಕೊಂಡಿದ್ದರೆ, ಕೊಂಡ ಬೆಲೆಯನ್ನು ಒಂದು ಗಳಿಗೆ ಬದಿಗಿಟ್ಟು, ಈ ಷೇರು ನಿಮ್ಮ ಬಳಿ ಒಂದೂ ಇಲ್ಲದಿದ್ದರೆ ಇಂದಿನ ಬೆಲೆಗೆ ಕೊಳ್ಳುತ್ತಿದ್ದಿರಾ ಎಂದು ಯೋಚಿಸಿ. ಕೊಳ್ಳಲು ಕಾರಣ ಬರೆಯಲಾಗದಿದ್ದರೆ ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ.