ಡೆನಿಮ್ ಥಾನಿನ ಚೀಟಿಯಲ್ಲಿ ನಾನು ಬರೆಯುವುದು

ಕಲಬುರಗಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಡೆನಿಮ್ ಬಟ್ಟೆಯ ಥಾನುಗಳೂ ಬಳ್ಳಾರಿಯಿಂದ ತರಿಸಿದ ಸಿದ್ಧ ಜೀನ್ಸ್‌ಗಳೂ ಇರುತ್ತವೆ. ಪ್ರತಿಯೊಂದಕ್ಕೂ ನಾನೇ ಒಂದು ಚೀಟಿ ಬರೆದು ಸಿಕ್ಕಿಸುತ್ತೇನೆ. ಮೂರು ವಿಷಯಗಳನ್ನು ಅದರಲ್ಲಿ ಬೇರೆ ಬೇರೆಯಾಗಿ ನಮೂದಿಸುತ್ತೇನೆ: ತೂಕ, ಅಂಚು, ತೊಳೆತ. ಗ್ರಾಹಕರು ‘ಸೆಲ್ವೆಜ್’ ಎಂದರೆ ‘ರಾ’ ಎಂದೇ ತಿಳಿಯುವುದುಂಟು. ಆದರೆ ಮೊದಲನೆಯದು ಬಟ್ಟೆಯ ಅಂಚನ್ನು ಹೇಳುತ್ತದೆ, ಎರಡನೆಯದು ನೇಯ್ದು ಮುಗಿದ ಮೇಲೆ ಅದಕ್ಕೆ ತೊಳೆತ ಆಗಿಲ್ಲವೆಂಬುದನ್ನು ಹೇಳುತ್ತದೆ. ಸೆಲ್ವೆಜ್ ಬಟ್ಟೆಯಿಂದ ಹೊಲಿದ ಪ್ಯಾಂಟಿಗೆ ಸ್ಟೋನ್‌ವಾಶ್ ಮಾಡಿಸುವುದಕ್ಕೆ ಏನೂ ಅಡ್ಡಿಯಿಲ್ಲ.

ತೂಕವನ್ನು ಔನ್ಸ್‌ನಲ್ಲಿ ಹೇಳುವಾಗ ಅದು ಒಂದು ಚದರ ಗಜ ಬಟ್ಟೆಯ ತೂಕ. ಮಾರಾಟಗಾರನ ಲೇಬಲ್ಲನ್ನು ನಂಬಿ ಕೂರದೆ, ಥಾನಿನ ಅಂಚಿನಿಂದ ಸ್ವಲ್ಪ ಒಳಗೆ 10 ಸೆಂಟಿಮೀಟರ್ ಉದ್ದಗಲದ ಚೌಕವನ್ನು ಕತ್ತರಿಸಿ, ಅಕ್ಕಸಾಲಿಗರು ಬಳಸುವಂಥ ಸಣ್ಣ ತಕ್ಕಡಿಯಲ್ಲಿ ತೂಗುತ್ತೇನೆ. ಬಂದ ಗ್ರಾಮನ್ನು 100ರಿಂದ ಗುಣಿಸಿದರೆ ಚದರ ಮೀಟರಿನ ತೂಕ, ಅದನ್ನು 33.9ರಿಂದ ಭಾಗಿಸಿದರೆ ಔನ್ಸ್. ಒಂದು ರಾ ಬಟ್ಟೆಯ ಚೌಕ 4.10 ಗ್ರಾಂ ತೂಗಿತು, ಅಂದರೆ 410 ಗ್ರಾಂ, ಸುಮಾರು 12.1 ಔನ್ಸ್. ಲೇಬಲ್ಲಿನಲ್ಲಿ 12 ಎಂದೇ ಇತ್ತು.

ಆದರೆ ಈ 12 ಔನ್ಸ್ ತೊಳೆಯುವ ಮುಂಚಿನದು. ನೇಯುವಾಗ ಹಾಸಿನ ನೂಲು ತುಂಡಾಗದಿರಲೆಂದು ಹಾಕಿದ ಗಂಜಿ ರಾ ಬಟ್ಟೆಯಲ್ಲಿ ಹಾಗೆಯೇ ಉಳಿದಿರುತ್ತದೆ. ತೊಳೆದಾಗ ಅದು ಹೋಗಿ ತೂಕ ಇಳಿಯುತ್ತದೆ, ಅದೇ ಹೊತ್ತಿಗೆ ಬಟ್ಟೆ ಕುಗ್ಗಿ ಚದರ ಗಜದ ತೂಕ ಏರುತ್ತದೆ. ಎರಡರಲ್ಲಿ ಯಾವುದು ಗೆಲ್ಲುತ್ತದೆಂಬುದನ್ನು ತಿಳಿಯಲು ಅದೇ ಥಾನಿನ ತುಂಡಿನ ಮೇಲೆ 50 ಸೆಂಟಿಮೀಟರಿನ ಚೌಕ ಗುರುತಿಸಿ, ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಅಳೆದೆ. ಹಾಸಿನ ಕಡೆ 48.5, ಹೊಕ್ಕಿನ ಕಡೆ 49.5 ಉಳಿಯಿತು, ಹೊಸದಾಗಿ ಕತ್ತರಿಸಿದ ಚೌಕ 4.01 ಗ್ರಾಂ, ಅಂದರೆ 11.8 ಔನ್ಸ್. ಇದು ಮಿಲ್ಲಿನಲ್ಲೇ ಸ್ಯಾನ್‌ಫರೈಸ್ ಮಾಡಿ ಮುಂಚಿತವಾಗಿ ಕುಗ್ಗಿಸಿದ ಬಟ್ಟೆ. ಆ ಸಂಸ್ಕರಣೆ ಆಗಿಲ್ಲದ ಬಟ್ಟೆ ಉದ್ದದಲ್ಲಿ ನೂರಕ್ಕೆ ಒಂಬತ್ತರಷ್ಟು ಕುಗ್ಗಬಹುದು. ಆಗ ಅದೇ 12 ಔನ್ಸಿನ ಬಟ್ಟೆ ತೊಳೆದ ಮೇಲೆ 13ರ ಹತ್ತಿರ ಹೋಗುತ್ತದೆ, 40 ಇಂಚಿನ ಕಾಲು ಮೂರೂವರೆ ಇಂಚು ಗಿಡ್ಡವಾಗುತ್ತದೆ. ಆದ್ದರಿಂದ ಅಂಥ ಥಾನನ್ನು ನೆನೆಸಿ ಒಣಗಿಸದೆ ಕತ್ತರಿ ಹಾಕುವುದಿಲ್ಲ. “ಬಟ್ಟಿ ದಪ್ಪ ಅದ ಏನ್ರಿ, ಬ್ಯಾಸಗಿಗಿ ಆಗ್ತದೇನ್ರಿ?” ಎಂದು ಕೇಳುವವರಿಗೆ ತೊಳೆದ ಮೇಲಿನ ತೂಕವನ್ನೇ ಹೇಳುತ್ತೇನೆ, ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಹತ್ತು ಔನ್ಸಿನೊಳಗಿನದೇ ವಾಸಿ.

ಅಂಚಿನ ಪರೀಕ್ಷೆ ಸುಲಭ. ಲಾಳಿ ಓಡುವ ಹಳೆಯ ಮಗ್ಗದಲ್ಲಿ ಹೊಕ್ಕಿನ ನೂಲು ತುಂಡಾಗದೆ ಅಂಚಿನಲ್ಲಿ ತಿರುಗಿ ಮತ್ತೆ ಒಳಗೆ ಹೋಗುವುದರಿಂದ ಅಂಚು ತಾನೇ ಬಿಗಿದಿರುತ್ತದೆ. ಸಾಮಾನ್ಯ ಮಗ್ಗದ ಬಟ್ಟೆಯ ಅಂಚಿನಲ್ಲಿ ಕತ್ತರಿಸಿದ ಎಳೆಗಳ ಕುಚ್ಚು ಕಾಣುತ್ತದೆ. ಸೆಲ್ವೆಜ್ ಪನ್ನ ಸುಮಾರು 30 ಇಂಚು ಮಾತ್ರ, ಸಾಮಾನ್ಯದ್ದು 58ರಿಂದ 60. ಒಂದು ಪ್ಯಾಂಟಿಗೆ ಹೆಚ್ಚುಕಡಿಮೆ ಎರಡರಷ್ಟು ಉದ್ದ ಬೇಕಾಗುವುದರಿಂದಲೂ ಬೆಲೆ ಏರುತ್ತದೆ. ಬಣ್ಣದ ಅಂಚುಪಟ್ಟಿಯನ್ನು ಪ್ರತ್ಯೇಕವಾಗಿ ಹೊಲಿದು ಸೇರಿಸಿರುವುದೂ ಇದೆ. ಕಾಲಿನ ತುದಿಯನ್ನು ಮಡಚಿ ಒಳಗಿನ ಹೊಲಿಗೆ ನೋಡಿದರೆ ತಿಳಿಯುತ್ತದೆ.

ಸಿದ್ಧ ಜೀನ್ಸ್‌ನಲ್ಲಿ ಸ್ಟೋನ್‌ವಾಶ್ ಮತ್ತು ಆಸಿಡ್ ವಾಶ್ ಎರಡನ್ನೂ ‘ಫೇಡ್’ ಎಂದು ಒಂದೇ ಗುಂಪಿಗೆ ಹಾಕುವುದು ನನಗೆ ಸರಿಬರುವುದಿಲ್ಲ. ಇಂಡಿಗೊ ಬಣ್ಣ ನೂಲಿನ ಹೊರಮೈಯಲ್ಲಿ ಮಾತ್ರ ನಿಂತು ಒಳಗೆ ಬಿಳಿ ಉಳಿದಿರುತ್ತದೆ. ಸ್ಟೋನ್‌ವಾಶ್‌ನಲ್ಲಿ ಪ್ಯೂಮಿಸ್ ಕಲ್ಲು ನೀರಿನೊಡನೆ ಉರುಳುತ್ತ ಆ ಹೊರಮೈಯನ್ನು ತಿಕ್ಕುವುದರಿಂದ ಉಬ್ಬಿದ ಜಾಗಗಳು, ಅಂದರೆ ಹೊಲಿಗೆಯ ಏಣು, ಬೆಲ್ಟ್ ಪಟ್ಟಿ, ಜೇಬಿನ ಬಾಯಿ ಮೊದಲು ಬೆಳ್ಳಗಾಗುತ್ತವೆ. ಕಲ್ಲಿನ ಬದಲು ಸೆಲ್ಯುಲೇಸ್ ಕಿಣ್ವ ಬಳಸಿದರೂ ಹೋಲುವ ನೋಟ ಬರುತ್ತದೆ. ಜೇಬಿನ ಮೂಲೆಯಲ್ಲಿ ಕಲ್ಲಿನ ಪುಡಿ ಸಿಕ್ಕರೆ ಕಲ್ಲು ಹಾಕಿದ್ದು ಖಚಿತ. ಆಸಿಡ್ ವಾಶ್‌ನಲ್ಲಿ ಸಾಮಾನ್ಯವಾಗಿ ಆಮ್ಲದ ಕೆಲಸವೇ ಇಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟ್ ಅಥವಾ ಹೈಪೋಕ್ಲೋರೈಟ್ ದ್ರಾವಣ ಹೀರಿದ ಕಲ್ಲುಗಳನ್ನು ಹೆಚ್ಚಿನ ನೀರಿಲ್ಲದೆ ಬಟ್ಟೆಯೊಡನೆ ಉರುಳಿಸುತ್ತಾರೆ, ಕಲ್ಲು ತಾಗಿದಲ್ಲೆಲ್ಲ ಬಣ್ಣ ನಾಶವಾಗುತ್ತದೆ. ಹೀಗಾಗಿ ಸಮತಟ್ಟಾದ ತೊಡೆಯ ಭಾಗದಲ್ಲೂ ಮೋಡದಂಥ ಬಿಳಿ ಮಚ್ಚೆಗಳು ಕಾಣುತ್ತವೆ, ಮಡಿಕೆಯೊಳಗೆ ಗಾಢ ನೀಲಿ ಉಳಿದಿರುತ್ತದೆ.

ಪರ್ಮಾಂಗನೇಟ್ ಬಳಸಿದ ಮೇಲೆ ಸೋಡಿಯಂ ಮೆಟಾಬೈಸಲ್ಫೈಟ್‌ನಲ್ಲಿ ಸರಿಯಾಗಿ ತೊಳೆಯದಿದ್ದರೆ ಮ್ಯಾಂಗನೀಸ್ ಡೈಆಕ್ಸೈಡ್ ಉಳಿದು, ಬಿಳಿ ಮಚ್ಚೆಗೆ ಕಂದು ಛಾಯೆ ಬರುತ್ತದೆ. ಹೊಸ ಸರಕು ಬಂದಾಗ ಮೊದಲು ಇದನ್ನೇ ಜೇಬಿನ ಒಳಬದಿಯಲ್ಲಿ ಹುಡುಕುತ್ತೇನೆ, ಆಮೇಲೆ ಬೆಲ್ಟ್ ಪಟ್ಟಿಯ ಬುಡವನ್ನು ಎರಡೂ ಕೈಯಿಂದ ಎಳೆದು ನೋಡುತ್ತೇನೆ. ಔನ್ಸ್ ಅಷ್ಟೇನೂ ಇಳಿಯದೆಯೂ ಎಳೆಗಳ ಬಲ ಕುಂದಿರಬಹುದಾದ್ದರಿಂದ, ಆಸಿಡ್ ವಾಶ್ ಜೀನ್ಸ್‌ನ ಚೀಟಿಯಲ್ಲಿ ತೂಕದ ಪಕ್ಕದಲ್ಲೇ ‘ಎಳೆದು ನೋಡಿದೆ’ ಅಥವಾ ‘ಹೊಲಿಗೆ ಬುಡ ಮೆತ್ತಗಿದೆ’ ಎಂದು ಸೇರಿಸುತ್ತೇನೆ.